ಒಂದೇ ಪುಟಕ್ಕೆ ಪ್ರಿಂಟರ್ ನಿಂತುಬಿಟ್ಟರೆ: ಪಿಡಿಎಫ್ ಅನ್ನು ಚಿತ್ರವಾಗಿ ಪ್ರಿಂಟ್ ಮಾಡುವುದು

ಪ್ರಶ್ನೆ: ನನ್ನ ಹತ್ತಿರ 48 ಪುಟದ ಒಂದು ಪಿಡಿಎಫ್ ವರದಿ ಇದೆ. ಸ್ಕ್ರೀನ್ ಮೇಲೆ ಎಲ್ಲಾ ಪುಟವೂ ಚೆನ್ನಾಗಿ ಕಾಣುತ್ತೆ. ಪ್ರಿಂಟ್ ಕೊಟ್ಟರೆ 16 ಪುಟ ಬಂದು ನಿಂತುಬಿಡುತ್ತೆ, ಆಮೇಲೆ limitcheck ಅಂತ ಏನೋ ಬರೆದ ಒಂದು ಹಾಳೆ ಹೊರಗೆ ಬರುತ್ತೆ. 17ನೇ ಪುಟದಲ್ಲಿ ಒಂದು ದೊಡ್ಡ ನಕ್ಷೆ ಇದೆ. 18ರಿಂದ ಮುಂದಕ್ಕೆ ಕೊಟ್ಟರೆ ಪ್ರಿಂಟ್ ಆಗುತ್ತೆ, ಆದರೆ 30, 31ನೇ ಪುಟದಲ್ಲಿ ಕೆಲವು ಅಕ್ಷರಗಳ ಬದಲು ಚೌಕ ಬರುತ್ತೆ. ಕಲರ್ ಲೇಸರ್ ಪ್ರಿಂಟರ್, ವಿಂಡೋಸ್, ಅಡೋಬಿ ರೀಡರ್. "Print As Image ಹಾಕು, ಸರಿಹೋಗುತ್ತೆ" ಅಂದರು ಒಬ್ಬರು. ಅದೇನು, ಎಲ್ಲಿದೆ? ಅಕ್ಷರ ಮಸುಕಾಗುವುದಿಲ್ವಾ?

ಉತ್ತರ: ನಿಮಗೆ ಸಿಕ್ಕಿರುವ ಸಲಹೆ ಸರಿ. ನಿಮ್ಮ ವಿವರ ನೋಡಿದರೆ ಅದರಿಂದ ಕೆಲಸ ಆಗುವ ಸಂಭವವೇ ಜಾಸ್ತಿ. ಆದರೆ ಅದನ್ನು 48 ಪುಟಕ್ಕೂ ಹಾಕಬೇಡಿ. ಮೂರು ಪುಟಕ್ಕೆ ಹಾಕಿದರೆ ಸಾಕು. ಅಕ್ಷರ ಮಸುಕಾಗುತ್ತದೆ ಎಂಬ ನಿಮ್ಮ ಭಯದಲ್ಲಿ ಹುರುಳಿದೆ, ಅದಕ್ಕೇ ಹೀಗೆ ಹೇಳುತ್ತಿದ್ದೇನೆ.

ಮೊದಲು ಪ್ರಿಂಟರ್ ಯಾಕೆ ನಿಲ್ಲುತ್ತದೆ ಅಂತ ನೋಡೋಣ. ಅದು ಗೊತ್ತಾದರೆ ಯಾವ ಪುಟಕ್ಕೆ ಈ ಉಪಾಯ ಬೇಕು, ಯಾವುದಕ್ಕೆ ಬೇಡ ಅಂತ ನೀವೇ ಹೇಳಬಲ್ಲಿರಿ.

ಪಿಡಿಎಫ್ ಪುಟದ ಒಳಗೆ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ, ಅಪ್ಪಣೆಗಳು ಇರುತ್ತವೆ. ಇಲ್ಲಿಂದ ಅಲ್ಲಿಗೆ ಇಷ್ಟು ದಪ್ಪದ ಗೆರೆ ಎಳೆ, ಈ ಫಾಂಟಿನ ಈ ಅಕ್ಷರವನ್ನು ಈ ಜಾಗದಲ್ಲಿ ಇಡು, ಈ ಆಕಾರದೊಳಗೆ ಅರೆಪಾರದರ್ಶಕ ಹಸಿರು ತುಂಬು, ಹೀಗೆ. ಮಾಮೂಲಿಯಾಗಿ ಪ್ರಿಂಟ್ ಕೊಟ್ಟಾಗ ರೀಡರ್ ಮತ್ತು ಡ್ರೈವರ್ ಸೇರಿ ಈ ಅಪ್ಪಣೆಗಳನ್ನು ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ಬದಲಾಯಿಸುತ್ತವೆ. ನಿಮ್ಮ ಪ್ರಿಂಟರಿನ ವಿಷಯದಲ್ಲಿ ಆ ಭಾಷೆ ಪೋಸ್ಟ್‌ಸ್ಕ್ರಿಪ್ಟ್. limitcheck ಎಂಬುದು ಪೋಸ್ಟ್‌ಸ್ಕ್ರಿಪ್ಟಿನದೇ ತಪ್ಪಿನ ಹೆಸರು, ಅದರಿಂದ ಗೊತ್ತಾಯಿತು. ಅಪ್ಪಣೆಗಳನ್ನು ಓದಿ ಕೊನೆಗೆ ಚುಕ್ಕಿಗಳಾಗಿ ಮಾಡುವ ಕೆಲಸ ಪ್ರಿಂಟರಿನೊಳಗಿರುವ ಸಣ್ಣ ಕಂಪ್ಯೂಟರಿನದು. ಅದರ ಮೆಮೊರಿಗೂ ಶಕ್ತಿಗೂ ಮಿತಿ ಇದೆ.

ನಿಮ್ಮ 17ನೇ ಪುಟಕ್ಕೆ ಇದನ್ನು ಹೊಂದಿಸಿ ನೋಡಿ. ನಕ್ಷೆ ಎಂದರೆ ಸಾವಿರಾರು ಗೆರೆ. ಅದರ ಮೇಲೆ ಬಣ್ಣದ ಪದರಗಳು, ಬಹುಶಃ ಕೆಳಗಿನದು ಕಾಣುವ ಹಾಗೆ ಅರೆಪಾರದರ್ಶಕವಾಗಿ. ತೊಂದರೆ ಇರುವುದು ಇಲ್ಲೇ. ಪೋಸ್ಟ್‌ಸ್ಕ್ರಿಪ್ಟ್ 1984ರ ಕಾಲದ್ದು, ಅದರಲ್ಲಿ ಪಾರದರ್ಶಕತೆ ಎಂಬ ಕಲ್ಪನೆಯೇ ಇಲ್ಲ. ಪಿಡಿಎಫ್‌ಗೆ ಅದು ಬಂದದ್ದು 2001ರಲ್ಲಿ, 1.4ನೇ ಆವೃತ್ತಿಯ ಜೊತೆ. ಹಾಗಾಗಿ ಅರೆಪಾರದರ್ಶಕ ಹಸಿರು ಒಂದು ಕಪ್ಪು ಗೆರೆಯ ಮೇಲೆ ಹಾದುಹೋದರೆ, ಆ ಗೆರೆಯನ್ನು ಹಸಿರಿನ ಒಳಗಿನ ತುಂಡು, ಹೊರಗಿನ ತುಂಡು ಅಂತ ಕತ್ತರಿಸಿ, ಪ್ರತಿ ತುಂಡಿಗೂ ಬೇರೆ ಬಣ್ಣ ಲೆಕ್ಕ ಹಾಕಿ ಕಳಿಸಬೇಕು. ಸಾವಿರಾರು ಗೆರೆ, ನಾಲ್ಕೈದು ಪದರ ಇದ್ದರೆ ತುಂಡುಗಳು ಎಷ್ಟಾಗುತ್ತವೆ ನೋಡಿ. ಒಂದು ಹಂತದಲ್ಲಿ ಪ್ರಿಂಟರಿನ ಒಳಗಿನ ಮಿತಿ ದಾಟುತ್ತದೆ. ಅದು ಕೆಲಸ ಬಿಟ್ಟು limitcheck ಅಂತ ಬರೆದ ಹಾಳೆ ಕೊಡುತ್ತದೆ. ಮೆಮೊರಿಯೇ ಮುಗಿದಿದ್ದರೆ ಅದೇ ಜಾಗದಲ್ಲಿ VMerror ಬರುತ್ತದೆ, ಫಾಂಟಿನಲ್ಲಿ ತಕರಾರಿದ್ದರೆ invalidfont. ಪಿಸಿಎಲ್ ಭಾಷೆಯ ಪ್ರಿಂಟರ್ ಆಗಿದ್ದರೆ ಹಾಳೆಯ ಮೇಲೆ PCL XL error ಎಂಬ ತಲೆಬರಹ ಇರುತ್ತದೆ. ಆ ಹಾಳೆಯನ್ನು ಹರಿದು ಎಸೆಯಬೇಡಿ. ಯಾವ ಕಡೆ ಹುಡುಕಬೇಕು ಅಂತ ಅದೊಂದೇ ಹೇಳುವುದು.

Print As Image ಟಿಕ್ ಮಾಡಿದಾಗ ಕೆಲಸದ ಹಂಚಿಕೆ ಬದಲಾಗುತ್ತದೆ. ಅಪ್ಪಣೆಗಳನ್ನು ಓದಿ ಚುಕ್ಕಿಗಳಾಗಿ ಮಾಡುವ ಕೆಲಸವನ್ನು ನಿಮ್ಮ ಕಂಪ್ಯೂಟರೇ ಮುಗಿಸುತ್ತದೆ. ಪ್ರಿಂಟರಿಗೆ ಹೋಗುವುದು ಬರೀ ಒಂದು ಚಿತ್ರ. ಮನೆಗೆ ದಾರಿ ಹೇಳಿಕೊಡುವ ಬದಲು ಕೈ ಹಿಡಿದು ಬಾಗಿಲ ತನಕ ಕರೆದುಕೊಂಡು ಹೋದ ಹಾಗೆ: ಪ್ರಿಂಟರಿಗೆ ದಾರಿ ತಪ್ಪಲು ಅವಕಾಶವೇ ಇರುವುದಿಲ್ಲ. ಅದು ಫಾಂಟ್ ಹುಡುಕಬೇಕಾಗಿಲ್ಲ, ಪದರಗಳನ್ನು ಲೆಕ್ಕ ಹಾಕಬೇಕಾಗಿಲ್ಲ. ಸ್ಕ್ರೀನ್ ಮೇಲೆ ಪುಟ ಸರಿಯಾಗಿ ಕಾಣುತ್ತಿದೆ ಎಂದರೆ ಕಂಪ್ಯೂಟರಿಗೆ ಆ ಪುಟ ಓದಲು ಬರುತ್ತದೆ ಅಂತಲೇ ಅರ್ಥ ಅಲ್ವಾ? ಹಾಗಾಗಿ ಚಿತ್ರವೂ ಸರಿಯಾಗಿಯೇ ತಯಾರಾಗುತ್ತದೆ.

ಇನ್ನೊಂದು ಅನುಕೂಲ ಇದೆ. ನಕ್ಷೆಯ ಪುಟವಾಗಲಿ, ನಾಲ್ಕು ಸಾಲಿನ ಪುಟವಾಗಲಿ, ಚುಕ್ಕಿಗಳಾಗಿ ಮಾಡಿದ ಮೇಲೆ ಎರಡರಲ್ಲೂ ಚುಕ್ಕಿಗಳ ಸಂಖ್ಯೆ ಒಂದೇ. 300 ಡಿಪಿಐ ಎಂದರೆ ಒಂದು ಇಂಚಿಗೆ 300 ಚುಕ್ಕಿ. A4 ಹಾಳೆಗೆ ಅದು 2480 × 3508, ಅಂದರೆ ಸುಮಾರು 87 ಲಕ್ಷ ಚುಕ್ಕಿ. ಪುಟ ಎಷ್ಟೇ ಗೋಜಲಾಗಿದ್ದರೂ ಈ ಲೆಕ್ಕ ಏರುವುದಿಲ್ಲ.

ಈಗ ಮಾಡಬೇಕಾದ್ದು. ಮೊದಲ ಕೆಲಸ, ತಪ್ಪು ಇರುವುದು 17ನೇ ಪುಟದಲ್ಲೇನಾ ಅಂತ ಖಚಿತ ಮಾಡಿಕೊಳ್ಳುವುದು. 16 ಪುಟ ಬಂದು ನಿಂತಿತು ಎಂದ ಮಾತ್ರಕ್ಕೆ 17ನೆಯದೇ ಕಾರಣ ಅಂತ ಹೇಳಲಾಗುವುದಿಲ್ಲ. ಹಾಳೆಯ ಎರಡೂ ಬದಿಗೆ ಪ್ರಿಂಟ್ ಮಾಡುತ್ತಿದ್ದರೆ 17 ಮತ್ತು 18 ಒಂದೇ ಹಾಳೆಗೆ ಬರುತ್ತವೆ. 18ರಲ್ಲಿ ತೊಂದರೆ ಇದ್ದರೂ ಎರಡೂ ಹೊರಗೆ ಬರದೆ ಹೋಗಬಹುದು. ಹಾಗಾಗಿ ಪರೀಕ್ಷೆ ಮಾಡುವಷ್ಟು ಹೊತ್ತು ಎರಡು ಬದಿಯ ಪ್ರಿಂಟ್ ತೆಗೆದುಬಿಡಿ. ರೀಡರಿನಲ್ಲಿ ನಕ್ಷೆಯ ಪುಟಕ್ಕೆ ಹೋಗಿ ನಿಲ್ಲಿ. Ctrl+P ಒತ್ತಿ, ಯಾವ ಪುಟ ಎನ್ನುವ ಕಡೆ Current ಆರಿಸಿ. ಸಂಖ್ಯೆ ಟೈಪ್ ಮಾಡುವುದಕ್ಕಿಂತ ಇದು ಒಳ್ಳೆಯದು. ವರದಿಗಳಲ್ಲಿ ಮುನ್ನುಡಿಗೆ ಬೇರೆ ಸಂಖ್ಯೆ ಇರುತ್ತದೆ, ಪುಟದ ಮೇಲೆ ಅಚ್ಚಾದ ಸಂಖ್ಯೆಯೂ ಫೈಲಿನ ಎಣಿಕೆಯೂ ಬಹಳ ಸಲ ಹೊಂದುವುದಿಲ್ಲ. ಮಿಕ್ಕಿದ್ದೆಲ್ಲ ಮಾಮೂಲಿನಂತೆ ಬಿಟ್ಟು ಅದೊಂದೇ ಪುಟ ಪ್ರಿಂಟ್ ಕೊಡಿ.

ಅದೊಂದೇ ಪುಟವೂ ನಿಂತು, limitcheck ಹಾಳೆ ಮತ್ತೆ ಬಂದರೆ ಕಾರಣ ಆ ಪುಟದೊಳಗೇ ಇದೆ. ಅದಕ್ಕೆ ಚಿತ್ರದ ಉಪಾಯವೇ ಸರಿ. ಬದಲಿಗೆ ಆ ಪುಟ ಒಂಟಿಯಾಗಿ ಕೊಟ್ಟಾಗ ಚೆನ್ನಾಗಿ ಬಂದುಬಿಟ್ಟರೆ ಕಥೆ ಬೇರೆ. ಹಿಂದಿನ 16 ಪುಟಗಳ ಫಾಂಟು, ಚಿತ್ರ ಎಲ್ಲಾ ಪ್ರಿಂಟರಿನ ಮೆಮೊರಿಯಲ್ಲಿ ಸೇರಿಕೊಂಡು 17ರ ಹೊತ್ತಿಗೆ ಜಾಗ ಇಲ್ಲದಂತಾಗಿದೆ ಅಂತ ಅರ್ಥ. ಆಗ ಚಿತ್ರವಾಗಿ ಕಳಿಸುವ ಅಗತ್ಯವೇ ಇಲ್ಲ. ಹತ್ತು ಹತ್ತು ಪುಟದ ಕಂತಿನಲ್ಲಿ ಕೊಟ್ಟರೆ ಆಗಿಹೋಗುತ್ತದೆ, ಅಕ್ಷರಗಳೂ ಚೂಪಾಗಿಯೇ ಇರುತ್ತವೆ. ಈ ಒಂದು ಪರೀಕ್ಷೆಯನ್ನು ಬಿಡಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಬಹಳ ಜನ ಇದನ್ನು ಬಿಟ್ಟು ಇಡೀ ಫೈಲನ್ನು ಸುಮ್ನೆ ಚಿತ್ರವಾಗಿ ಕಳಿಸಿ, ಅಕ್ಷರ ಯಾಕೆ ಹೀಗೆ ಬಂತು ಅಂತ ಬೇಸರ ಮಾಡಿಕೊಳ್ಳುತ್ತಾರೆ.

ಪರೀಕ್ಷೆಗೆ ಮುಂಚೆ ಒಂದು ಮಾತು. ಹಿಂದಿನ ಸಲ ಅರ್ಧಕ್ಕೆ ನಿಂತ ಕೆಲಸ ಕ್ಯೂನಲ್ಲಿ ಉಳಿದಿದ್ದರೆ ಮೊದಲು ಅದನ್ನು ತೆಗೆಯಿರಿ. ವಿಂಡೋಸಿನ ಪ್ರಿಂಟರ್ ಕ್ಯೂ ತೆರೆದು ಎಲ್ಲವನ್ನೂ ಕ್ಯಾನ್ಸಲ್ ಮಾಡಿ. ಪ್ರಿಂಟರನ್ನು ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಯಾಕೆಂದರೆ ಕೆಲಸದ ಮೊದಲ ಭಾಗ ಕಳೆದುಹೋಗಿ ಉಳಿದ ಭಾಗ ಮಾತ್ರ ಪ್ರಿಂಟರಿಗೆ ಹೋದರೆ, ಅದು ಅದನ್ನು ಮಾಮೂಲಿ ಅಕ್ಷರ ಅಂತ ತಿಳಿದು ಒಂದೊಂದು ಹಾಳೆಯ ತುದಿಯಲ್ಲಿ ಒಂದೊಂದು ಸಾಲು ಅರ್ಥವಿಲ್ಲದ ಚಿಹ್ನೆ ಹೊಡೆಯುತ್ತಾ ಹೋಗುತ್ತದೆ. ನೋಡಿದವರಿಗೆ ಪಿಡಿಎಫ್ ಕೆಟ್ಟಿದೆ ಅನ್ನಿಸುತ್ತದೆ. ಪಿಡಿಎಫ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಕ್ಯಾನ್ಸಲ್ ಕೊಟ್ಟರೂ ಕೆಲಸ ಕ್ಯೂನಿಂದ ಹೋಗದೆ ಕೂತಿದ್ದರೆ, ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಮಾಡಿ:

```
net stop spooler
del /q C:\Windows\System32\spool\PRINTERS\*
net start spooler
```

ಇದು ಆ ಕಂಪ್ಯೂಟರಿನಲ್ಲಿ ಕಾದಿರುವ ಎಲ್ಲಾ ಪ್ರಿಂಟ್ ಕೆಲಸಗಳನ್ನೂ ಅಳಿಸುತ್ತದೆ. ಬೇರೆಯವರದ್ದೇನಾದರೂ ಕ್ಯೂನಲ್ಲಿ ಇದ್ದರೆ ಮೊದಲು ಹೇಳಿಬಿಡಿ.

ಈಗ ನಿಮ್ಮ ನಕ್ಷೆ ಪುಟ ಒಂಟಿಯಾಗಿಯೂ ನಿಂತಿತು ಅಂದುಕೊಂಡು ಮುಂದೆ ಹೋಗೋಣ. ಮತ್ತೆ ಆ ಪುಟದಲ್ಲಿ ನಿಂತು Ctrl+P ಒತ್ತಿ. ಮೇಲ್ಗಡೆ, ಪ್ರಿಂಟರಿನ ಹೆಸರಿನ ಸಾಲಿನಲ್ಲಿ Properties ಬಟನ್ ಇದೆ, ಅದರ ಪಕ್ಕ Advanced. Properties ಒತ್ತಿದರೆ ಡ್ರೈವರಿನ ಕಿಟಕಿ ತೆರೆಯುತ್ತದೆ, ನಮಗೆ ಬೇಕಾದ್ದು ಅಲ್ಲಿ ಇಲ್ಲ. Advanced ಒತ್ತಿ. ತೆರೆಯುವ ಕಿಟಕಿಯಲ್ಲಿ Print As Image ಎಂಬ ಚೌಕ ಇದೆ. ಅದಕ್ಕೆ ಟಿಕ್ ಹಾಕಿದ ತಕ್ಷಣ ಪಕ್ಕದಲ್ಲಿ ಡಿಪಿಐ ಆರಿಸುವ ಪಟ್ಟಿ ಕೆಲಸ ಮಾಡತೊಡಗುತ್ತದೆ. ಮೊದಲ ಸಲ 300 ಇಡಿ. OK ಒತ್ತಿ ಹೊರಗೆ ಬನ್ನಿ. Current ಅಂತಲೇ ಇದೆಯಾ ಅಂತ ಇನ್ನೊಮ್ಮೆ ನೋಡಿ Print ಕೊಡಿ.

ಕೊಟ್ಟ ಮೇಲೆ ಸ್ವಲ್ಪ ಕಾಯಬೇಕು. ಮಾಮೂಲಿಗಿಂತ ನಿಧಾನ ಆಗುವುದು ಸಹಜ, ಕಂಪ್ಯೂಟರ್ ಪುಟ ಬರೆದು ಮುಗಿಸುವ ತನಕ ಪ್ರಿಂಟರಿಗೆ ಏನೂ ಹೋಗುವುದಿಲ್ಲ. ಇಲ್ಲಿ ತಾಳ್ಮೆ ಕಳೆದುಕೊಂಡು ಮತ್ತೆ ಮತ್ತೆ Print ಒತ್ತಿದರೆ ಅದೇ ನಕ್ಷೆ ನಾಲ್ಕು ಸಲ ಬರುತ್ತದೆ.

ನಕ್ಷೆ ಹೊರಗೆ ಬಂತು ಅಂದುಕೊಳ್ಳಿ. ಈಗ ಅದನ್ನು ಸ್ಕ್ರೀನಿನ ಪಕ್ಕ ಹಿಡಿದು ಅತಿ ತೆಳ್ಳಗಿನ ಗೆರೆಗಳನ್ನು ನೋಡಿ. ಡಿಪಿಐ ಎಷ್ಟಿರಬೇಕು ಅಂತ ಹೇಳುವುದು ಆ ಗೆರೆಗಳೇ, ಬೇರೆ ಯಾವ ನಿಯಮವೂ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಲೆಕ್ಕ ಸುಲಭ. ಒಂದು ಇಂಚಿಗೆ 72 ಪಾಯಿಂಟ್. ನಕ್ಷೆಯಲ್ಲಿ ಗೆರೆಯ ದಪ್ಪ 0.25 ಪಾಯಿಂಟ್ ಇದ್ದರೆ 300 ಡಿಪಿಐನಲ್ಲಿ ಅದು ಸರಿಸುಮಾರು ಒಂದು ಚುಕ್ಕಿ ಅಗಲ. ಬದುಕಿಕೊಳ್ಳುತ್ತದೆ. 0.1 ಪಾಯಿಂಟಿನ ಗೆರೆಯಾದರೆ ಅರ್ಧ ಚುಕ್ಕಿಯೂ ಇಲ್ಲ, 0.4 ಮಾತ್ರ. ಅರ್ಧ ಚುಕ್ಕಿ ಎಂಬುದು ಚಿತ್ರದಲ್ಲಿ ಇರಲು ಸಾಧ್ಯವಿಲ್ಲ. ಹಾಗಾಗಿ ಕಪ್ಪು ಗೆರೆಯ ಬದಲು ಒಂದು ತೆಳು ಬೂದು ಗೆರೆ ಉಳಿಯುತ್ತದೆ. ಲೇಸರ್ ಪ್ರಿಂಟರಿಗೆ ಬೂದು ಬಣ್ಣ ಅಂತ ಬೇರೆ ಪುಡಿ ಇಲ್ಲ. ಅದು ಕಪ್ಪು ಚುಕ್ಕಿಗಳನ್ನು ಬಿಡಿ ಬಿಡಿಯಾಗಿ ಇಟ್ಟು ಬೂದು ಅನ್ನಿಸುವಂತೆ ಮಾಡುತ್ತದೆ. ಆದ್ದರಿಂದ ಗೆರೆ ಹಾಳೆಯ ಮೇಲೆ ತುಂಡು ತುಂಡಾಗಿ ಕಾಣುತ್ತದೆ, ಕೆಲವು ಕಡೆ ಕಾಣುವುದೇ ಇಲ್ಲ. ನಿಮ್ಮ ನಕ್ಷೆಯಲ್ಲಿ ಹೀಗಾಗಿದ್ದರೆ Advanced ಒಳಗೆ ಹೋಗಿ 600 ಮಾಡಿ ಅದೇ ಪುಟ ಮತ್ತೆ ಕೊಡಿ. 0.1 ಪಾಯಿಂಟಿನ ಗೆರೆ ಈಗ 0.8 ಚುಕ್ಕಿ ಆಗುತ್ತದೆ, ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ.

ಹಾಗಾದರೆ ಮೊದಲೇ 600 ಇಡಬಾರದಾ ಅಂತ ಕೇಳಬಹುದು. ಡಿಪಿಐ ಎರಡರಷ್ಟು ಮಾಡಿದರೆ ಚುಕ್ಕಿಗಳು ನಾಲ್ಕರಷ್ಟಾಗುತ್ತವೆ, ಅಡ್ಡಕ್ಕೂ ಎರಡರಷ್ಟು, ಉದ್ದಕ್ಕೂ ಎರಡರಷ್ಟು. ಕಲರಿನಲ್ಲಿ ಒಂದು ಚುಕ್ಕಿಗೆ ಮೂರು ಬೈಟ್. A4 ಪುಟ ಒಂದು 300 ಡಿಪಿಐನಲ್ಲಿ ಸುಮಾರು 26 ಎಂಬಿ, 600ರಲ್ಲಿ 104 ಎಂಬಿ. ಕಳಿಸುವಾಗ ಕುಗ್ಗಿಸಿ ಕಳಿಸುತ್ತಾರೆ ನಿಜ, ಆದರೂ ಲೆಕ್ಕದ ಸ್ವರೂಪ ಅದೇ. 48 ಪುಟವನ್ನೂ 600ರಲ್ಲಿ ಚಿತ್ರ ಮಾಡಿದರೆ ಕುಗ್ಗಿಸುವ ಮುಂಚೆ 5 ಜಿಬಿ ಆಗುತ್ತದೆ. ವೈ-ಫೈ ಮೂಲಕ ಪ್ರಿಂಟರಿಗೆ ಕಳಿಸುವವರಾದರೆ ಅಷ್ಟು ದೊಡ್ಡ ಕೆಲಸ ನಡುವೆ ಎಲ್ಲೋ ಕಡಿದುಹೋಗುವುದಕ್ಕೂ ಅವಕಾಶ ಜಾಸ್ತಿ. ಒಂದು ನಿಲುಗಡೆ ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಂಡ ಹಾಗಾಗುತ್ತದೆ. ನಕ್ಷೆಯಂಥ ಒಂದೆರಡು ಪುಟಕ್ಕೆ 600 ಇಡಿ, ಅಡ್ಡಿಯಿಲ್ಲ. ಬರೀ ಫೋಟೋ ಇರುವ ಪುಟಕ್ಕೆ 300 ಧಾರಾಳ ಆಯಿತು.

ಇನ್ನು ನಿಮ್ಮ 30, 31ನೇ ಪುಟ. ಅಲ್ಲಿನ ಕಾಯಿಲೆ ಬೇರೆ, ಫಾಂಟಿನದ್ದು. ಪ್ರಿಂಟ್ ನಿಲ್ಲುತ್ತಿಲ್ಲ, ಆದರೆ ಅಕ್ಷರದ ಬದಲು ಚೌಕ ಬರುತ್ತಿದೆ. ರೀಡರಿನಲ್ಲಿ Ctrl+D ಒತ್ತಿ, Fonts ಎಂಬ ಟ್ಯಾಬ್ ತೆರೆಯಿರಿ. ಫೈಲಿನಲ್ಲಿರುವ ಫಾಂಟುಗಳ ಪಟ್ಟಿ ಬರುತ್ತದೆ. ಹೆಸರಿನ ಪಕ್ಕ Embedded ಅಥವಾ Embedded Subset ಅಂತ ಇದ್ದರೆ ಆ ಫಾಂಟು ಫೈಲಿನೊಳಗೇ ಇದೆ. ಹಾಗಿದ್ದೂ ಚೌಕ ಬರುತ್ತಿದ್ದರೆ ಫಾಂಟನ್ನು ಪ್ರಿಂಟರಿಗೆ ದಾಟಿಸುವ ದಾರಿಯಲ್ಲಿ, ಅಂದರೆ ಡ್ರೈವರಿನಲ್ಲೋ ಪ್ರಿಂಟರಿನಲ್ಲೋ ಎಡವಟ್ಟಾಗಿದೆ. ಹೆಸರಿನ ಪಕ್ಕ ಏನೂ ಇಲ್ಲದೆ, ಅದರ ಕೆಳಗೆ Actual Font ಎಂಬಲ್ಲಿ ಬೇರೆ ಹೆಸರು ಇದ್ದರೆ, ಆ ಫಾಂಟು ಫೈಲಿನಲ್ಲಿ ಇಲ್ಲ. ಸ್ಕ್ರೀನಿನಲ್ಲಿ ನೀವು ನೋಡುತ್ತಿರುವುದು ಬದಲಿ ಫಾಂಟು. ಪ್ರಿಂಟರ್ ತನ್ನದೇ ಇನ್ನೊಂದು ಬದಲಿಯನ್ನು ಹಾಕಿಕೊಂಡು, ಅದರಲ್ಲಿ ಆ ಅಕ್ಷರ ಸಿಗದೆ ಚೌಕ ಹೊಡೆಯುತ್ತಿರಬಹುದು.

ಎರಡಕ್ಕೂ Print As Image ಕೆಲಸ ಮಾಡುತ್ತದೆ, ಯಾಕೆಂದರೆ ಪ್ರಿಂಟರಿಗೆ ಫಾಂಟೇ ಹೋಗುವುದಿಲ್ಲ, ಅಕ್ಷರಗಳ ಚಿತ್ರ ಹೋಗುತ್ತದೆ. ಆದರೆ ಒಂದನ್ನು ಮರೆಯಬೇಡಿ: ಸ್ಕ್ರೀನಿನಲ್ಲಿ ಇದ್ದದ್ದೇ ಹಾಳೆಗೆ ಬರುತ್ತದೆ. ಫಾಂಟು ಫೈಲಿನಲ್ಲಿ ಇಲ್ಲದಿದ್ದರೆ, 30ನೇ ಪುಟವನ್ನು ದೊಡ್ಡದಾಗಿ ಮಾಡಿ ಅಂಕಿಗಳನ್ನು, ಚಿಹ್ನೆಗಳನ್ನು, ಒತ್ತಕ್ಷರಗಳನ್ನು ಸ್ಕ್ರೀನಿನಲ್ಲೇ ಒಮ್ಮೆ ಓದಿ ನೋಡಿ. ಬದಲಿ ಫಾಂಟಿನಿಂದ ಅಲ್ಲೇ ಏನಾದರೂ ತಪ್ಪಿದ್ದರೆ ಚಿತ್ರದಲ್ಲೂ ಅದೇ ತಪ್ಪು ಇರುತ್ತದೆ. ಆಗ ಫೈಲ್ ಕಳಿಸಿದವರನ್ನೇ ಕೇಳಿ, ಫಾಂಟ್ ಒಳಗೆ ಸೇರಿಸಿ ಮತ್ತೆ ಪಿಡಿಎಫ್ ಮಾಡಿಸಿಕೊಳ್ಳಬೇಕು. ಬೇರೆ ದಾರಿ ಇಲ್ಲ.

ಅಕ್ಷರದ ಪುಟಗಳಿಗೆ ಚಿತ್ರದ ಉಪಾಯ ಹಾಕುವಾಗಲೇ ನೀವು ಕೇಳಿದ ಮಸುಕಿನ ಪ್ರಶ್ನೆ ಬರುವುದು. ಮಾಮೂಲಿ ಪ್ರಿಂಟಿನಲ್ಲಿ ಪ್ರಿಂಟರ್ ಅಕ್ಷರದ ಆಕಾರವನ್ನು ತನ್ನ ಪೂರ್ತಿ ಸೂಕ್ಷ್ಮತೆಯಲ್ಲಿ, ಅಪ್ಪಟ ಕಪ್ಪಿನಲ್ಲಿ ಬರೆಯುತ್ತದೆ. ಚಿತ್ರದಲ್ಲಿ ಅಕ್ಷರದ ಅಂಚು ನುಣುಪಾಗಿ ಕಾಣಲಿ ಅಂತ ಅಂಚಿನ ಚುಕ್ಕಿಗಳು ಬೂದು ಆಗಿರುತ್ತವೆ. ಆ ಬೂದು ಮತ್ತೆ ಬಿಡಿ ಚುಕ್ಕಿಗಳಾಗಿ ಅಂಚು ಸ್ವಲ್ಪ ಒರಟಾಗುತ್ತದೆ. 10, 11 ಪಾಯಿಂಟಿನ ಅಕ್ಷರ ಓದುವುದಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಅಡಿಟಿಪ್ಪಣಿಯ 6 ಪಾಯಿಂಟ್ ಅಕ್ಷರ ನೋಡಿ: 300 ಡಿಪಿಐನಲ್ಲಿ ಅದಕ್ಕೆ ಸಿಗುವುದು ಎತ್ತರಕ್ಕೆ 25 ಚುಕ್ಕಿ. ಅದರೊಳಗೇ ತಲೆಕಟ್ಟು, ಅಕ್ಷರ, ಕೆಳಗಿನ ಒತ್ತು ಎಲ್ಲಾ ಹಿಡಿಯಬೇಕು. ಅಲ್ಲಿ ಮಸುಕು ಎದ್ದು ಕಾಣುತ್ತದೆ. ಆದ್ದರಿಂದ 30, 31ಕ್ಕೂ 600 ಇಡಿ. ಮಿಕ್ಕ 45 ಪುಟ ಮಾಮೂಲಿಯಾಗಿಯೇ ಹೋಗಲಿ.

ಕಲರ್ ಪ್ರಿಂಟರ್ ಅಂದಿರಿ, ಅದಕ್ಕೆ ಸಂಬಂಧಿಸಿದ ಒಂದು ಸಂಗತಿ. ಚಿತ್ರವಾಗಿ ಹೋದ ಕಪ್ಪು ಅಕ್ಷರವನ್ನು ಪ್ರಿಂಟರ್ ಕೆಲವು ಸಲ ಬರೀ ಕಪ್ಪು ಪುಡಿಯಿಂದ ಬರೆಯುವ ಬದಲು ನಾಲ್ಕೂ ಬಣ್ಣ ಬೆರೆಸಿ ಬರೆಯುತ್ತದೆ. ಅದಕ್ಕೆ ಅದು ಅಕ್ಷರ ಅಂತ ಗೊತ್ತಿಲ್ಲ, ಫೋಟೋದ ಕಡುಬಣ್ಣ ಅಂತಲೇ ಲೆಕ್ಕ. ಅಕ್ಷರದ ಅಂಚಿನಲ್ಲಿ ಕೆಂಪೋ ನೀಲಿಯೋ ಛಾಯೆ ಕಂಡರೆ ಇದೇ ಕಾರಣ. 30, 31ನೇ ಪುಟದಲ್ಲಿ ಬಣ್ಣದ ಅಗತ್ಯ ಇಲ್ಲ ಅಂದರೆ ಪ್ರಿಂಟ್ ಕಿಟಕಿಯಲ್ಲೇ ಇರುವ Print in grayscale (black and white) ಟಿಕ್ ಮಾಡಿ. ಛಾಯೆ ಹೋಗುತ್ತದೆ, ಚಿತ್ರದ ಗಾತ್ರವೂ ಮೂರರಲ್ಲಿ ಒಂದು ಪಾಲಾಗುತ್ತದೆ. ನಕ್ಷೆಗೆ ಮಾತ್ರ ಇದನ್ನು ಹಾಕಬೇಡಿ, ಬಣ್ಣ ಹೋದರೆ ಪದರಗಳನ್ನು ಗುರುತಿಸಲಾಗದು. ಬಾರ್‌ಕೋಡ್ ಇರುವ ಪುಟವನ್ನು ಚಿತ್ರವಾಗಿ ಪ್ರಿಂಟ್ ಮಾಡಿದರೆ, ಕೊಡುವ ಮುಂಚೆ ಸ್ಕ್ಯಾನ್ ಮಾಡಿ ನೋಡಿಕೊಳ್ಳಿ. ಗೆರೆಗಳ ಅಗಲ ಒಂದೊಂದು ಚುಕ್ಕಿ ಹೆಚ್ಚುಕಮ್ಮಿ ಆದರೂ ಸ್ಕ್ಯಾನರ್ ಓದದೆ ಹೋಗಬಹುದು.

ಹಾಗಾಗಿ ನಿಮ್ಮ ವರದಿಯನ್ನು ನಾನಾದರೆ ಹೀಗೆ ಕಳಿಸುತ್ತೇನೆ. ಮೊದಲು 1ರಿಂದ 16 ಮಾಮೂಲಿಯಾಗಿ. ಆಮೇಲೆ 17 ಮಾತ್ರ ಚಿತ್ರವಾಗಿ, 600ರಲ್ಲಿ, ಕಲರಿನಲ್ಲಿ. 18ರಿಂದ 29 ಮಾಮೂಲಿ. 30 ಮತ್ತು 31 ಚಿತ್ರವಾಗಿ, 600ರಲ್ಲಿ, ಕಪ್ಪು ಬಿಳುಪಿನಲ್ಲಿ. 32ರಿಂದ 48 ಮತ್ತೆ ಮಾಮೂಲಿ. ಪ್ರತಿ ಸಲ Advanced ತೆರೆದು ಟಿಕ್ ಇದೆಯೋ ಇಲ್ಲವೋ ಅಂತ ಕಣ್ಣಾಡಿಸಿ, ಹಿಂದಿನ ಸಲದ್ದು ಹಾಗೇ ಉಳಿದಿದ್ದರೆ 17 ಪುಟ ಸುಮ್ನೆ ಚಿತ್ರವಾಗಿ ಹೋಗುತ್ತವೆ. Size ಎಂಬಲ್ಲಿ Fit ಅಥವಾ Actual size, ಐದೂ ಕಂತಿಗೂ ಒಂದೇ ಇರಲಿ. ಇಲ್ಲದಿದ್ದರೆ ನಡುವಿನ ಪುಟಗಳ ಅಂಚು ಬೇರೆಯಾಗಿ ಜೋಡಿಸಿದಾಗ ಎದ್ದು ಕಾಣುತ್ತದೆ. ಎರಡು ಬದಿಗೆ ಬೇಕಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ: 17 ಮತ್ತು 18 ಒಂದೇ ಹಾಳೆ, ಹಾಗಾಗಿ ಎರಡನ್ನೂ ಒಟ್ಟಿಗೆ ಚಿತ್ರವಾಗಿ ಕೊಡಿ. 30ರ ಜೊತೆ 29, 31ರ ಜೊತೆ 32 ಕೂಡ ಹಾಗೇ.

ರೀಡರ್ ಇಲ್ಲದವರಿಗೆ ಕ್ರೋಮ್ ಬ್ರೌಸರಿನಲ್ಲೂ ಈ ಸೌಲಭ್ಯ ಇದೆ. ಪಿಡಿಎಫ್ ತೆರೆದು ಪ್ರಿಂಟ್ ಕೊಟ್ಟಾಗ More settings ಒಳಗೆ Print as image ಸಿಗುತ್ತದೆ. ಅದೂ ಇಲ್ಲದಿದ್ದರೆ, ಅಥವಾ ಇದೇ ನಕ್ಷೆಯನ್ನು ಮತ್ತೆ ಮತ್ತೆ ಪ್ರಿಂಟ್ ಮಾಡಬೇಕಾಗಿದ್ದರೆ, ಗೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಆ ಒಂದು ಪುಟವನ್ನು ಚಿತ್ರವಾಗಿಸಿದ ಹೊಸ ಪಿಡಿಎಫ್ ಮಾಡಿಟ್ಟುಕೊಳ್ಳಬಹುದು. ವಿಂಡೋಸಿನಲ್ಲಿ ಕಮಾಂಡ್ ಹೀಗೆ:

```
gswin64c -sDEVICE=pdfimage24 -r600 -dFirstPage=17 -dLastPage=17 -o p17.pdf report.pdf
```

ಲಿನಕ್ಸ್, ಮ್ಯಾಕ್‌ನಲ್ಲಿ gswin64c ಬದಲು gs. ಕಪ್ಪು ಬಿಳುಪು ಸಾಕಾದರೆ pdfimage24 ಜಾಗದಲ್ಲಿ pdfimage8. ಇಲ್ಲಿ ಪುಟದ ಎಣಿಕೆ ಫೈಲಿನ ಮೊದಲ ಪುಟದಿಂದ, ಅಚ್ಚಾದ ಸಂಖ್ಯೆಯಿಂದ ಅಲ್ಲ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಹೊಸದರಲ್ಲಿ ಅಕ್ಷರ ಹುಡುಕುವುದಕ್ಕಾಗಲಿ ಕಾಪಿ ಮಾಡುವುದಕ್ಕಾಗಲಿ ಆಗುವುದಿಲ್ಲ. ರೀಡರಿನ ಟಿಕ್‌ನಲ್ಲಿ ಈ ಚಿಂತೆ ಇಲ್ಲ, ಅದು ಫೈಲನ್ನು ಮುಟ್ಟುವುದೇ ಇಲ್ಲ.

ಈ ಉಪಾಯ ಎಲ್ಲಿ ನಡೆಯುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಸ್ಕ್ರೀನಿನಲ್ಲೇ ಪುಟ ಕೆಟ್ಟು ಕಾಣುತ್ತಿದ್ದರೆ ಇದರಿಂದ ಪ್ರಯೋಜನ ಇಲ್ಲ. ಪಿಡಿಎಫ್ ಮಾತ್ರ ಅಲ್ಲ, ಯಾವುದನ್ನು ಪ್ರಿಂಟ್ ಕೊಟ್ಟರೂ ಚಿಹ್ನೆಗಳೇ ಬರುತ್ತಿದ್ದರೆ ತಪ್ಪು ಡ್ರೈವರ್ ಕೂತಿದೆ, ಅದನ್ನು ತೆಗೆದು ಸರಿಯಾದದ್ದು ಹಾಕಬೇಕು. ಒಮ್ಮೆ 9ಕ್ಕೆ, ಇನ್ನೊಮ್ಮೆ 22ಕ್ಕೆ, ಹೀಗೆ ನಿಲ್ಲುವ ಪುಟ ಬದಲಾಗುತ್ತಲೇ ಇದ್ದರೆ ಕೇಬಲ್ ಅಥವಾ ವೈ-ಫೈ ಮೇಲೆ ಅನುಮಾನ ಪಡಿ. ಕೆಲವು ಫೈಲುಗಳಿಗೆ ಮಾಡಿದವರೇ ಕಡಿಮೆ ಗುಣಮಟ್ಟದಲ್ಲಿ ಮಾತ್ರ ಪ್ರಿಂಟ್ ಮಾಡಬಹುದು ಎಂಬ ನಿರ್ಬಂಧ ಹಾಕಿರುತ್ತಾರೆ. ಅಂಥವನ್ನು ರೀಡರ್ ತಾನಾಗಿಯೇ ಚಿತ್ರವಾಗಿ, ಹೆಚ್ಚೆಂದರೆ 150 ಡಿಪಿಐನಲ್ಲಿ ಕಳಿಸುತ್ತದೆ, ನೀವು 600 ಬೇಕು ಅಂದರೂ ಆಗದು. Ctrl+D ಒತ್ತಿ Security ಟ್ಯಾಬ್ ನೋಡಿದರೆ Printing ಸಾಲಿನಲ್ಲಿ ಅದು ಗೊತ್ತಾಗುತ್ತದೆ.

ಕೊನೆಗೆ, 17ನೇ ಪುಟ 600ರಲ್ಲಿ ಚಿತ್ರವಾಗಿಯೂ ಅರ್ಧ ಬಂದು ನಿಂತರೆ 300ಕ್ಕೆ ಇಳಿಸಿ. 300ರಲ್ಲಿ ಪೂರ್ತಿ ಬಂದರೆ ಪ್ರಿಂಟರಿನ ಮೆಮೊರಿಗೆ 600ರ ಭಾರ ಹೊರಲಾಗುತ್ತಿಲ್ಲ ಅಂತಾಯಿತು. ತೆಳು ಗೆರೆಗಳು ಬೇಕೇ ಬೇಕು ಅಂದರೆ ಆ ಒಂದು ಪುಟವನ್ನು ಬೇರೆ ಪ್ರಿಂಟರಿನಲ್ಲಿ ತೆಗೆಸಿ. 300ರಲ್ಲೂ ಅದೇ ಜಾಗದಲ್ಲಿ ನಿಂತರೆ ತೊಂದರೆ ಇರುವುದು ಡ್ರೈವರಿನಲ್ಲಿ. ನಿಮ್ಮ ಪ್ರಿಂಟರಿಗೆ ಪಿಸಿಎಲ್ 6 ಡ್ರೈವರೂ ಸಿಗುತ್ತದಾ ನೋಡಿ. ಸಿಕ್ಕರೆ ಅದನ್ನು ಎರಡನೇ ಪ್ರಿಂಟರ್ ಎಂಬಂತೆ ಪಕ್ಕದಲ್ಲಿ ಇನ್‌ಸ್ಟಾಲ್ ಮಾಡಿಕೊಂಡು, ಈ ಪುಟವನ್ನು ಮೊದಲು ಮಾಮೂಲಿಯಾಗಿ, ಆಗದಿದ್ದರೆ ಚಿತ್ರವಾಗಿ ಅದರ ಮೂಲಕ ಕಳಿಸಿ.